ಹಳೆಯ ಛಾಯಾಚಿತ್ರದ ಮರುಮುದ್ರಣಕ್ಕೆ ಅನುಮತಿ ಬೇಡುವ ಪತ್ರ

ಪತ್ರಿಕೆಯ ಸಂಪಾದಕರಿಗೆ ಪತ್ರವೆಂದೊಡನೆ ವಿದ್ಯಾರ್ಥಿಗಳ ನೆನಪಿಗೆ ಬರುವುದು ಊರಿನ ಕುಡಿಯುವ ನೀರಿನ ತೊಂದರೆ, ಬಸ್ಸಿನ ಅಭಾವ, ಹದಗೆಟ್ಟ ರಸ್ತೆ ಇವೇ ಮೊದಲಾದ ವಿಷಯಗಳು. ಅಂತಹ ಪತ್ರವು ಸಂಪಾದಕರ ಹೆಸರಿನಲ್ಲಿದ್ದರೂ ಅದರ ನಿಜವಾದ ಓದುಗರು ಸಾರ್ವಜನಿಕರು. ಇಲ್ಲಿ ವಿವೇಚಿಸತಕ್ಕ ಪತ್ರವು ಬೇರೊಂದು ಜಾತಿಯದು. ಪತ್ರಿಕೆಯ ಸಂಗ್ರಹದಲ್ಲಿರುವ ಹಳೆಯ ಛಾಯಾಚಿತ್ರಗಳನ್ನು ತನ್ನ ಸಂಪ್ರಬಂಧದಲ್ಲಿ ಅಚ್ಚುಹಾಕಲು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನು ಅನುಮತಿಯನ್ನು ಬೇಡುವ ಪತ್ರವಿದು. ಇದು ಅಚ್ಚಾಗುವುದಕ್ಕಾಗಿ ಬರೆದದ್ದಲ್ಲ. ಇದನ್ನು ಓದುವವರು ಸಂಪಾದಕರು, ಅವರ ಕಚೇರಿಯ ಗ್ರಂಥಪಾಲಕರು ಮತ್ತು ಮಾಲೀಕರ ಪ್ರತಿನಿಧಿಗಳು. ಮುಂದೊಂದು ದಿನ ವಿವಾದವೆದ್ದರೆ ನ್ಯಾಯಾಧೀಶರೂ ಓದಬಹುದು. ಆದುದರಿಂದ ಇದರಲ್ಲಿ ಭಾವಾತಿಶಯಕ್ಕೆ ಎಡೆಯಿಲ್ಲ. ಪ್ರತಿಯೊಂದು ಪದಕ್ಕೂ ಒಂದೇ ಅರ್ಥವಿರಬೇಕು.

ವಿಷಯವು ಸ್ಪಷ್ಟವಾಗಲೆಂದು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಜೇವರ್ಗಿ ತಾಲೂಕಿನ ಅಂದೋಲಾ ಗ್ರಾಮದ ವಿದ್ಯಾರ್ಥಿನಿಯೊಬ್ಬಳು ಕಲಬುರಗಿಯಲ್ಲಿ ಇತಿಹಾಸದ ಎಂ.ಎ. ತರಗತಿಯಲ್ಲಿ ಓದುತ್ತಿರುವಳೆಂದೂ, ಹೈದರಾಬಾದ್ ಸಂಸ್ಥಾನದಲ್ಲಿದ್ದ ಕನ್ನಡ ಭಾಗವು ಕರ್ನಾಟಕದಲ್ಲಿ ಸೇರಿದ ಬಗೆಯನ್ನು ಕುರಿತು ಸಂಪ್ರಬಂಧವನ್ನು ಬರೆಯುತ್ತಿರುವಳೆಂದೂ ಇಟ್ಟುಕೊಳ್ಳೋಣ. ಅವಳಿಗೆ ಮೂರು ಚಿತ್ರಗಳು ಬೇಕಾಗಿವೆ. ಮೊದಲನೆಯದು 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಸೈನಿಕ ಕಾರ್ಯಾಚರಣೆಯ ತರುವಾಯ ಅದೇ ವರ್ಷ ಪತ್ರಿಕೆಯಲ್ಲಿ ಪ್ರಕಟವಾದದ್ದು. ಎರಡನೆಯದು 1956ರ ನವೆಂಬರ್ 1ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಬೆಂಗಳೂರಿನಲ್ಲಿ ವಿಶಾಲ ಮೈಸೂರು ರಾಜ್ಯವನ್ನು ಉದ್ಘಾಟಿಸಿದ ಸಂದರ್ಭದ್ದು. ಮೂರನೆಯದು 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗಿನ ಸಮಾರಂಭದ್ದು. ಮೂರೂ ಪತ್ರಿಕೆಯಲ್ಲಿ ಅಚ್ಚಾದವೇ. ಆದರೂ ಮೂರಕ್ಕೂ ಒಂದೇ ಬಗೆಯ ಅನುಮತಿ ಸಾಲದು. ಈ ಭೇದವನ್ನು ಅರಿಯದೆ ಬರೆದ ಪತ್ರಕ್ಕೆ ಸಂಪಾದಕರು ಸೌಜನ್ಯದಿಂದ ‘ಆಗಲಿ’ ಎಂದು ಉತ್ತರಿಸಿದರೂ ಆ ಉತ್ತರದಿಂದ ಕಾರ್ಯಸಿದ್ಧಿಯಾಗದು.

ಚಿತ್ರವನ್ನು ಗುರುತಿಸುವ ಕ್ರಮ

ಪತ್ರಕ್ಕೆ ಲೇಖನಿಯನ್ನು ಹಿಡಿಯುವ ಮೊದಲು ಚಿತ್ರವು ಯಾವುದೆಂಬುದು ನಿಶ್ಚಯವಾಗಿರಬೇಕು. ‘ವಿಮೋಚನೆಯ ಕಾಲದ ಒಂದು ಚಿತ್ರ’ ಎಂದು ಬರೆದರೆ ಗ್ರಂಥಪಾಲಕರು ಎಷ್ಟು ಸಂಪುಟಗಳನ್ನು ತಿರುವಿಹಾಕಿಯಾರು? ಪತ್ರಿಕೆಯ ಹೆಸರು, ಆವೃತ್ತಿ, ದಿನಾಂಕ, ಪುಟ, ಅಂಕಣ, ಚಿತ್ರದ ಕೆಳಗಿನ ವಿವರಣೆಯ ಮೊದಲ ಕೆಲವು ಪದಗಳು ಇಷ್ಟನ್ನು ಕೊಟ್ಟರೆ ಚಿತ್ರವು ತಪ್ಪದೆ ದೊರೆಯುತ್ತದೆ. ಈ ವಿವರಗಳನ್ನು ಇನ್ನೊಬ್ಬರ ಗ್ರಂಥದ ಅಡಿಟಿಪ್ಪಣಿಯಿಂದ ಎತ್ತಿಕೊಳ್ಳದೆ ಪತ್ರಿಕೆಯ ಕಟ್ಟುಹಾಕಿದ ಸಂಪುಟವನ್ನೇ ನೋಡಿ ಬರೆದುಕೊಳ್ಳತಕ್ಕದ್ದು.

ಅಡಿಟಿಪ್ಪಣಿಗಳನ್ನು ನಂಬಿದರೆ ಆಗುವ ಪ್ರಮಾದಕ್ಕೆ ಒಂದು ನಿದರ್ಶನ ಸಾಕು. ವಿದ್ಯಾರ್ಥಿನಿಯ ಟಿಪ್ಪಣಿ ಪುಸ್ತಕದಲ್ಲಿ ಮೊದಲನೆಯ ಚಿತ್ರದ ಎದುರಿಗೆ ‘ಪ್ರಜಾವಾಣಿ, 1948ರ ಸೆಪ್ಟೆಂಬರ್ 19’ ಎಂದಿದೆ ಎನ್ನೋಣ. ಪ್ರಜಾವಾಣಿಯು ಬೆಂಗಳೂರಿನಲ್ಲಿ ಆರಂಭವಾದದ್ದೇ 1948ರ ಅಕ್ಟೋಬರ್ ತಿಂಗಳಿನಲ್ಲಿ. ಹುಟ್ಟದ ಪತ್ರಿಕೆಯಲ್ಲಿ ಚಿತ್ರವು ಅಚ್ಚಾಗಲಾರದು. ಹಾಗಾದರೆ ತಪ್ಪಿದುದು ದಿನಾಂಕವಾಗಿರಬೇಕು, ಇಲ್ಲವೆ ಪತ್ರಿಕೆಯ ಹೆಸರಾಗಿರಬೇಕು. ಅದೇ ಸಂಸ್ಥೆಯ ಆಂಗ್ಲ ದಿನಪತ್ರಿಕೆಯಾದ ಡೆಕ್ಕನ್ ಹೆರಾಲ್ಡ್ ಆ ವರ್ಷದ ಜೂನ್ ತಿಂಗಳಿನಲ್ಲಿಯೇ ಆರಂಭವಾಗಿತ್ತು. ಹುಬ್ಬಳ್ಳಿಯ ಸಂಯುಕ್ತ ಕರ್ನಾಟಕವಂತೂ ಅದಕ್ಕೂ ಮೊದಲಿನದು. ಚಿತ್ರವನ್ನು ಇವುಗಳ ಸೆಪ್ಟೆಂಬರ್ ಸಂಚಿಕೆಗಳಲ್ಲಿ ಹುಡುಕಬೇಕಾಗಬಹುದು. ಅಥವಾ ಪ್ರಜಾವಾಣಿಯು ಮುಂದೆ ಎಂದೋ ಒಂದು ವಾರ್ಷಿಕ ಸಂಚಿಕೆಯಲ್ಲಿ ಅದನ್ನು ಮರಳಿ ಅಚ್ಚುಹಾಕಿರಬಹುದು. ಆಗ ಮೂಲವು ಬೇರೆಡೆಯದಾಗುತ್ತದೆ. ಇಂತಹ ಅಸಂಗತಿಯು ಪತ್ರದಲ್ಲಿ ಉಳಿದರೆ ಓದುವವರಿಗೆ ಬರೆದವರ ಸಂಶೋಧನೆಯ ವಿಷಯದಲ್ಲಿಯೇ ಸಂಶಯ ಹುಟ್ಟುತ್ತದೆ.

ಇನ್ನೊಂದು ಭೇದವನ್ನೂ ಇಲ್ಲಿ ಹೇಳಬೇಕು. ಹಳೆಯ ಪತ್ರಿಕೆಯ ಪುಟದಲ್ಲಿ ಕಾಣುವುದು ಛಾಯಾಚಿತ್ರವಲ್ಲ, ಅದರ ಬ್ಲಾಕಿನ ಅಚ್ಚು. ಭೂತಗನ್ನಡಿಯಲ್ಲಿ ನೋಡಿದರೆ ಅದು ಸಾಲುಸಾಲು ಚುಕ್ಕೆಗಳಾಗಿ ಒಡೆಯುತ್ತದೆ. ಅಂತಹ ಪುಟವನ್ನು ಸ್ಕ್ಯಾನ್ ಮಾಡಿದರೆ ಆ ಚುಕ್ಕೆಗಳೂ ಯಂತ್ರದ ಚುಕ್ಕೆಗಳೂ ಒಂದರ ಮೇಲೊಂದು ಬಿದ್ದು ಅಲೆಅಲೆಯಾದ ಪಟ್ಟೆಗಳು ಮೂಡುತ್ತವೆ. ಮುಖಗಳು ಗುರುತು ಸಿಗದಂತಾಗುತ್ತವೆ. ಕಚೇರಿಯ ಕಪಾಟಿನಲ್ಲಿ ಮೂಲ ಪ್ರತಿಯೋ ನೆಗೆಟಿವೋ ಉಳಿದಿದ್ದರೆ ಅದರಿಂದ ಪಡಿಯಚ್ಚನ್ನು ಕೇಳುವುದೇ ಉತ್ತಮ. ಮೂಲ ಪ್ರತಿಯ ಬೆನ್ನಿನಲ್ಲಿ ಛಾಯಾಗ್ರಾಹಕನ ಮುದ್ರೆ, ತಾರೀಖು, ಅಂಟಿಸಿದ ವಿವರಣೆಯ ಚೀಟಿ ಇವು ಇರುವುದುಂಟು. ಆದುದರಿಂದ ‘ಪ್ರತಿಯ ಹಿಂಬದಿಯ ನಕಲನ್ನೂ ದಯಪಾಲಿಸಬೇಕು’ ಎಂಬ ಒಂದು ವಾಕ್ಯವನ್ನು ಪತ್ರದಲ್ಲಿ ಸೇರಿಸಿದರೆ, ಮುಂದೆ ಹೇಳುವ ದೊಡ್ಡ ಪ್ರಶ್ನೆಗೆ ಅರ್ಧ ಉತ್ತರವು ದೊರೆತಂತೆ.

ಚಿತ್ರವು ಯಾರದು?

ಆ ದೊಡ್ಡ ಪ್ರಶ್ನೆ ಒಡೆತನದ್ದು. ಸಂಪಾದಕರು ಪತ್ರಿಕೆಯ ಬರಹಕ್ಕೆ ಹೊಣೆಗಾರರು. ಪತ್ರಿಕೆಯ ಆಸ್ತಿಗೆ ಒಡೆಯರಲ್ಲ. ಸಂಯುಕ್ತ ಕರ್ನಾಟಕವು ಲೋಕಶಿಕ್ಷಣ ಟ್ರಸ್ಟಿನ ಪತ್ರಿಕೆ. ಪ್ರಜಾವಾಣಿಯು ದಿ ಪ್ರಿಂಟರ್ಸ್ ಮೈಸೂರು ಸಂಸ್ಥೆಯದು. ಪತ್ರಿಕೆಯ ಪುಟದ ಅಡಿಯಲ್ಲಿ ಸಣ್ಣಕ್ಷರಗಳಲ್ಲಿರುವ ಮುದ್ರಕ, ಪ್ರಕಾಶಕರ ಸಾಲನ್ನು ಓದಿದರೆ ಮಾಲೀಕರು ಯಾರೆಂಬುದು ತಿಳಿಯುತ್ತದೆ. ಪತ್ರವನ್ನು ಸಂಪಾದಕರಿಗೇ ಬರೆಯುವುದು ಮರ್ಯಾದೆಯ ಕ್ರಮ. ಆದರೆ ಅನುಮತಿಯು ‘ಮಾಲೀಕರ ಪರವಾಗಿ’ ಬರಬೇಕೆಂದು ಕೋರುವುದು ವಿವೇಕ.

ಮಾಲೀಕರಿಗಾದರೂ ಎಲ್ಲ ಚಿತ್ರಗಳ ಮೇಲೆ ಹಕ್ಕುಂಟೆ? ಭಾರತದ ಕೃತಿಸ್ವಾಮ್ಯ ಅಧಿನಿಯಮವು 1957ರದು. 1958ರ ಜನವರಿಯಿಂದ ಜಾರಿಗೆ ಬಂದಿತು. ಅದರ 17ನೆಯ ಪ್ರಕರಣವು ಪತ್ರಿಕೆಗಳ ವಿಷಯದಲ್ಲಿ ಒಂದು ಸೂಕ್ಷ್ಮ ಭೇದವನ್ನು ಮಾಡಿದೆ. ಪತ್ರಿಕೆಯ ನೌಕರಿಯಲ್ಲಿದ್ದವನು ಆ ಪತ್ರಿಕೆಯಲ್ಲಿ ಪ್ರಕಟಿಸುವುದಕ್ಕಾಗಿ ತೆಗೆದ ಚಿತ್ರದಲ್ಲಿ, ಬೇರೆ ಕರಾರು ಇಲ್ಲದಿದ್ದರೆ, ಪತ್ರಿಕೆಗಳಲ್ಲಿ ಪ್ರಕಟಿಸುವ ಮಟ್ಟಿಗೆ ಮಾತ್ರ ಮಾಲೀಕನು ಮೊದಲ ಒಡೆಯ. ಉಳಿದೆಲ್ಲ ವಿಷಯಗಳಲ್ಲಿ ಚಿತ್ರವನ್ನು ತೆಗೆದವನೇ ಒಡೆಯ. ಸಂಪ್ರಬಂಧವು ಪತ್ರಿಕೆಯಲ್ಲವಷ್ಟೆ. ಹೀಗಿರಲಾಗಿ 1973ರ ಚಿತ್ರವನ್ನು ಸಂಬಳದ ಛಾಯಾಗ್ರಾಹಕನು ತೆಗೆದಿದ್ದು, ಅವನ ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ಸಂಪ್ರಬಂಧದಲ್ಲಿ ಅದನ್ನು ಅಚ್ಚುಹಾಕಲು ಪತ್ರಿಕೆಯ ಒಪ್ಪಿಗೆಯೊಂದೇ ಸಾಲದು. ಅವನ ಇಲ್ಲವೆ ಅವನ ವಾರಸುದಾರರ ಒಪ್ಪಿಗೆಯೂ ಬೇಕು. ಕರಾರಿನಲ್ಲಿ ಎಲ್ಲ ಹಕ್ಕನ್ನೂ ಮಾಲೀಕರಿಗೇ ಬಿಟ್ಟುಕೊಟ್ಟಿದ್ದರೆ ಪತ್ರಿಕೆಯ ಒಪ್ಪಿಗೆಯೇ ಸಾಕು. ಇದನ್ನು ಬಲ್ಲವರು ಪತ್ರಿಕೆಯವರೇ. ಆದುದರಿಂದ ಅವರನ್ನೇ ಕೇಳಬೇಕು.

ಇನ್ನು ಕಾಲದ ಲೆಕ್ಕ. ಮೊದಲಿಗೆ ಛಾಯಾಚಿತ್ರದ ಹಕ್ಕು ಪ್ರಕಟಣೆಯಿಂದ ಐವತ್ತು ವರ್ಷಗಳದಾಗಿತ್ತು. 1992ರ ತಿದ್ದುಪಡಿಯಿಂದ ಅರವತ್ತಾಯಿತು. ಪ್ರಕಟವಾದ ವರ್ಷವನ್ನು ಬಿಟ್ಟು ಮರುವರ್ಷದ ಜನವರಿ ಮೊದಲ ದಿನದಿಂದ ಎಣಿಸತಕ್ಕದ್ದು. 2012ರ ತಿದ್ದುಪಡಿಯು ಛಾಯಾಚಿತ್ರಕ್ಕಿದ್ದ ಈ ಪ್ರತ್ಯೇಕ ನಿಯಮವನ್ನು ತೆಗೆದುಹಾಕಿತು. ಅಂದಿನಿಂದ ಛಾಯಾಗ್ರಾಹಕನ ಜೀವಮಾನವೂ ಅವನು ಗತಿಸಿದ ಮೇಲೆ ಅರವತ್ತು ವರ್ಷಗಳೂ ಹಕ್ಕಿನ ಅವಧಿಯಾದವು. ಅಷ್ಟರೊಳಗೆ ಮುಗಿದುಹೋಗಿದ್ದ ಹಕ್ಕು ಮತ್ತೆ ಚಿಗುರಲಿಲ್ಲ.

ಈ ಲೆಕ್ಕವನ್ನು ಮೂರು ಚಿತ್ರಗಳಿಗೂ ಹಚ್ಚಿ ನೋಡಬಹುದು. 1948ರಲ್ಲಿ ಪ್ರಕಟವಾದ ಚಿತ್ರದ ಅರವತ್ತು ವರ್ಷಗಳು 1949ರಿಂದ ಮೊದಲಾಗಿ 2008ರ ಡಿಸೆಂಬರ್ 31ಕ್ಕೆ ಮುಗಿದವು. ಇದೇ ರೀತಿಯಲ್ಲಿ 1951ರವರೆಗೆ ಪ್ರಕಟವಾದ ಚಿತ್ರಗಳ ಹಕ್ಕು 2011ರ ಕೊನೆಯೊಳಗೆ ತೀರಿತು. 1952ರದಕ್ಕೆ ಇನ್ನೂ ಕೆಲವು ತಿಂಗಳು ಉಳಿದಿರುವಾಗಲೇ ಹೊಸ ನಿಯಮವು ಬಂದಿತು. ಆದುದರಿಂದ 1951 ಮತ್ತು 1952ರ ನಡುವೆ ಒಂದು ಗೆರೆಯನ್ನು ಎಳೆದು ನೆನಪಿಡುವುದು ಒಳ್ಳೆಯದು. ಈ ಲೆಕ್ಕವು ಆಗಲೇ ಪ್ರಕಟವಾದ ಚಿತ್ರಗಳಿಗೆ ಮಾತ್ರ ಸಲ್ಲುತ್ತದೆ. ಅಂದು ತೆಗೆದು ಎಲ್ಲಿಯೂ ಅಚ್ಚಾಗದೆ ಕಪಾಟಿನಲ್ಲಿ ಉಳಿದ ಚಿತ್ರಕ್ಕೆ ಸಲ್ಲದು.

1956ರ ಚಿತ್ರವು ಸರಕಾರದ ವಾರ್ತಾ ಇಲಾಖೆಯವರು ತೆಗೆದು ಪತ್ರಿಕೆಗಳಿಗೆ ಹಂಚಿದ್ದು ಎಂದು ಪ್ರತಿಯ ಬೆನ್ನಿನ ಮುದ್ರೆಯಿಂದ ತಿಳಿದುಬಂದರೆ, ಅದರ ಮೇಲೆ ಪತ್ರಿಕೆಗೆ ಹಕ್ಕೇ ಇಲ್ಲ. ಸರಕಾರದ ಕೃತಿಗೆ ಈಗಲೂ ಪ್ರಕಟಣೆಯಿಂದ ಅರವತ್ತು ವರ್ಷಗಳೇ ಅವಧಿ. 1957ರಿಂದ ಎಣಿಸಿದರೆ 2016ರ ಡಿಸೆಂಬರ್ 31ಕ್ಕೆ ಅದು ಮುಗಿಯಿತು. 1973ರ ಚಿತ್ರವು ಪತ್ರಿಕೆಯ ಛಾಯಾಗ್ರಾಹಕನದಾಗಿದ್ದು ಅವನು 2000ದಲ್ಲಿ ತೀರಿಕೊಂಡಿದ್ದರೆ ಅದರ ಹಕ್ಕು 2060ರ ಕೊನೆಯವರೆಗೆ ಇರುತ್ತದೆ. ಹೀಗೆ ಒಂದೇ ಕಪಾಟಿನ ಮೂರು ಚಿತ್ರಗಳಲ್ಲಿ ಒಂದರ ಹಕ್ಕು ಕಾಲದಿಂದ ತೀರಿದೆ, ಒಂದು ಬೇರೊಬ್ಬರದಾಗಿದ್ದು ತೀರಿದೆ, ಇನ್ನೊಂದು ಜೀವಂತವಾಗಿದೆ.

ಹಕ್ಕು ತೀರಿದ ಚಿತ್ರಗಳಿಗೆ ಪತ್ರವೇಕೆ ಎಂದು ಕೇಳಬಹುದು. ಕೃತಿಸ್ವಾಮ್ಯ ಬೇರೆ, ವಸ್ತುವಿನ ಒಡೆತನ ಬೇರೆ. ಕಪಾಟಿನಲ್ಲಿರುವ ಕಾಗದದ ಪ್ರತಿಯು ಪತ್ರಿಕೆಯ ಸೊತ್ತು. ಅದನ್ನು ತೋರಿಸುವುದೂ ಪ್ರತಿ ತೆಗೆದುಕೊಡುವುದೂ ಅವರ ಇಚ್ಛೆಗೆ ಸೇರಿದ್ದು. ಆದುದರಿಂದ ಮೊದಲೆರಡು ಚಿತ್ರಗಳಿಗೆ ಬೇಡತಕ್ಕದ್ದು ಪ್ರತಿಯನ್ನು. ಮೂರನೆಯದಕ್ಕೆ ಪ್ರತಿಯನ್ನೂ ಅನುಮತಿಯನ್ನೂ.

ಸಂಶೋಧನೆಗಾಗಿ ಮಾಡುವ ಸ್ವಂತದ ನ್ಯಾಯಸಮ್ಮತ ಬಳಕೆಗೆ ಅಧಿನಿಯಮದ 52ನೆಯ ಪ್ರಕರಣವು ರಿಯಾಯಿತಿ ಕೊಟ್ಟಿರುವುದು ನಿಜ. ಚಿತ್ರವನ್ನು ಟಿಪ್ಪಣಿಯಲ್ಲಿ ಅಂಟಿಸಿಕೊಂಡು ಅಭ್ಯಾಸ ಮಾಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಸಂಪ್ರಬಂಧವು ಪರೀಕ್ಷಕರ ಕೈಯಲ್ಲಿಯೇ ನಿಲ್ಲುವುದಿಲ್ಲ. ಅದು ಗ್ರಂಥಾಲಯವನ್ನು ಸೇರುತ್ತದೆ, ಅಂತರಜಾಲಕ್ಕೆ ಏರಬಹುದು, ಮುಂದೆ ಪುಸ್ತಕವೂ ಆಗಬಹುದು. ಸ್ವಂತದ ಬಳಕೆಯೆಂಬ ಮಾತು ಅಷ್ಟು ದೂರಕ್ಕೆ ಎಳೆಯುವುದಿಲ್ಲ. ಮೂರನೆಯ ಚಿತ್ರಕ್ಕೆ ಬರಹದ ಅನುಮತಿ ಬೇಕಾಗುವುದು ಇದಕ್ಕಾಗಿ.

ಒಕ್ಕಣೆಯ ಪದಗಳು

ಬೇಡಿಕೆಯ ವಾಕ್ಯದಲ್ಲಿ ಕ್ರಿಯಾಪದವು ನಿಷ್ಕೃಷ್ಟವಾಗಿರಬೇಕು. ‘ಚಿತ್ರವನ್ನು ತೆಗೆದುಕೊಳ್ಳಲು ಅನುಮತಿ ಕೊಡಿ’ ಎಂದು ಬರೆದರೆ ಮೂಲವನ್ನೇ ಒಯ್ಯುವುದೆಂದಾಗುತ್ತದೆ. ‘ಚಿತ್ರವನ್ನು ತೆಗೆಯಲು’ ಎಂದರೆ ಕ್ಯಾಮೆರಾದಿಂದ ಹೊಸ ಚಿತ್ರ ತೆಗೆಯುವುದೆಂದಾಗುತ್ತದೆ. ‘ಬಳಸಲು’ ಎಂಬುದರ ವ್ಯಾಪ್ತಿಗೆ ಮೇರೆಯೇ ಇಲ್ಲ; ಭಿತ್ತಿಪತ್ರವೂ ಬಳಕೆಯೇ, ಪುಸ್ತಕದ ರಕ್ಷಾಕವಚವೂ ಬಳಕೆಯೇ. ‘ಸಂಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಅರ್ಧ ಪುಟದ ಅಳತೆಯಲ್ಲಿ, ಕಪ್ಪು ಬಿಳುಪಿನಲ್ಲಿ ಮರುಮುದ್ರಿಸಲು’ ಎಂದರೆ ಅರ್ಥಾಂತರಕ್ಕೆ ಅವಕಾಶವಿಲ್ಲ. ‘ಅನುಮತಿ ಕೊಡುವಿರೆಂದು ನಂಬಿದ್ದೇನೆ’ ಎಂಬ ಒಕ್ಕಣೆಯೂ ಸಲ್ಲದು. ಉತ್ತರ ಬಾರದಿದ್ದಾಗ ಮೌನವನ್ನೇ ಸಮ್ಮತಿಯೆಂದು ಭಾವಿಸಲು ಅದು ಪ್ರೇರಿಸುತ್ತದೆ. ಅಧಿನಿಯಮದ ಪ್ರಕಾರ ಪರವಾನಗಿಯು ಬರಹದಲ್ಲಿರಬೇಕು.

ಅವಧಿ ಮತ್ತು ಪ್ರದೇಶಗಳನ್ನು ಹೇಳದೆ ಬಿಡುವುದು ಸಾಮಾನ್ಯವಾಗಿ ಕಾಣುವ ಲೋಪ. ಪರವಾನಗಿಯಲ್ಲಿ ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತದ ಒಳಗೆಂದೂ ಅಧಿನಿಯಮವು ಎಣಿಸುತ್ತದೆ. ಗ್ರಂಥಾಲಯದಲ್ಲಿ ಸಂಪ್ರಬಂಧವು ಐದು ವರ್ಷಕ್ಕೆ ಮುಗಿಯುವುದಿಲ್ಲ. ಅಂತರಜಾಲಕ್ಕೆ ದೇಶದ ಗಡಿಯೂ ಇಲ್ಲ. ಆದುದರಿಂದ ಇವೆರಡನ್ನೂ ಸ್ಪಷ್ಟವಾಗಿ ಬೇಡತಕ್ಕದ್ದು.

ಪತ್ರದ ಮಾದರಿ

ಮೇಲಿನ ಅಂಶಗಳನ್ನು ಒಳಗೊಂಡ ಪತ್ರವು ಹೀಗಿರಬಹುದು. ಬಿಟ್ಟ ಸ್ಥಳಗಳನ್ನು ಆಯಾ ವಿದ್ಯಾರ್ಥಿಗಳು ತುಂಬಿಕೊಳ್ಳತಕ್ಕದ್ದು.

ಅಂದೋಲಾ, ಜೇವರ್ಗಿ ತಾಲೂಕು
ಕಲಬುರಗಿ ಜಿಲ್ಲೆ
ದಿನಾಂಕ: ………

ಇವರಿಗೆ,
ಮಾನ್ಯ ಸಂಪಾದಕರು
……… ದಿನಪತ್ರಿಕೆ

ಮಾನ್ಯರೆ,

ವಿಷಯ: ತಮ್ಮ ಸಂಗ್ರಹದ ಮೂರು ಛಾಯಾಚಿತ್ರಗಳ ಪ್ರತಿಗಳನ್ನೂ, ಅವುಗಳಲ್ಲೊಂದರ ಮರುಮುದ್ರಣಕ್ಕೆ ಅನುಮತಿಯನ್ನೂ ಕೋರಿ.

ನಾನು ……… ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ಎಂ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ. ಹೈದರಾಬಾದ್ ಸಂಸ್ಥಾನದ ಕನ್ನಡ ಭಾಗವು ಕರ್ನಾಟಕದಲ್ಲಿ ಸೇರಿದುದನ್ನು ಕುರಿತು ಸಂಪ್ರಬಂಧವನ್ನು ಸಿದ್ಧಪಡಿಸುತ್ತಿದ್ದೇನೆ. ಮಾರ್ಗದರ್ಶಕರ ದೃಢೀಕರಣ ಪತ್ರವನ್ನು ಇದರೊಡನೆ ಇಟ್ಟಿದ್ದೇನೆ.

ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಮೂರು ಛಾಯಾಚಿತ್ರಗಳ ದಿನಾಂಕ, ಪುಟ, ಅಂಕಣ ಮತ್ತು ವಿವರಣೆಗಳನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು, ಆಯಾ ಪುಟಗಳ ನಕಲುಗಳನ್ನು ಲಗತ್ತಿಸಿದ್ದೇನೆ. ಇವುಗಳ ಮೂಲ ಪ್ರತಿಗಳು ತಮ್ಮ ಸಂಗ್ರಹದಲ್ಲಿದ್ದರೆ, ಅವುಗಳ ಮುಂಬದಿ ಮತ್ತು ಹಿಂಬದಿಗಳ ನಕಲುಗಳನ್ನು ದಯಪಾಲಿಸಬೇಕಾಗಿ ಪ್ರಾರ್ಥನೆ.

ಮೂರನೆಯ ಚಿತ್ರವನ್ನು (1973ರ ನವೆಂಬರ್) ನನ್ನ ಸಂಪ್ರಬಂಧದಲ್ಲಿ ಒಮ್ಮೆ, ಅರ್ಧ ಪುಟದ ಅಳತೆಯಲ್ಲಿ, ಯಾವ ಭಾಗವನ್ನೂ ಕತ್ತರಿಸದೆ, ಕಪ್ಪು ಬಿಳುಪಿನಲ್ಲಿ ಮರುಮುದ್ರಿಸಲು ಮಾಲೀಕರ ಪರವಾಗಿ ಅನುಮತಿಯನ್ನು ಕೋರುತ್ತೇನೆ. ಸಂಪ್ರಬಂಧದ ಐದು ಪ್ರತಿಗಳು ಸಿದ್ಧವಾಗುತ್ತವೆ, ಅವು ಮಾರಾಟಕ್ಕಲ್ಲ. ಅವು ವಿಶ್ವವಿದ್ಯಾಲಯದಲ್ಲಿ ಶಾಶ್ವತವಾಗಿ ಉಳಿಯುವುದಕ್ಕೂ, ವಿಶ್ವವಿದ್ಯಾಲಯವು ಅಂತರಜಾಲದಲ್ಲಿ ಇರಿಸಿದರೆ ಎಲ್ಲ ದೇಶಗಳಲ್ಲಿ ಓದಿಗೆ ದೊರೆಯುವುದಕ್ಕೂ ಈ ಅನುಮತಿಯು ಸಲ್ಲುವಂತೆ ದಯಮಾಡಬೇಕು. ಮುಂದೆ ಇದು ಪುಸ್ತಕವಾಗುವ ಸಂದರ್ಭ ಬಂದರೆ ಬೇರೆಯಾಗಿ ಅನುಮತಿಯನ್ನು ಬೇಡುತ್ತೇನೆ.

ಈ ಮೂರು ಚಿತ್ರಗಳನ್ನು ತೆಗೆದವರು ತಮ್ಮ ನೌಕರರೋ, ಹೊರಗಿನವರೋ, ಸುದ್ದಿಸಂಸ್ಥೆಯೋ, ಸರಕಾರದ ಇಲಾಖೆಯೋ ಎಂಬುದನ್ನು ತಿಳಿಸಬೇಕು. ಮೂರನೆಯದರಲ್ಲಿ ಬೇರೆಯವರಿಗೂ ಹಕ್ಕಿದ್ದರೆ ಅವರನ್ನು ಸಂಪರ್ಕಿಸುವ ಮಾರ್ಗವನ್ನು ಸೂಚಿಸಬೇಕು. ಚಿತ್ರಗಳ ಕೆಳಗೆ ಋಣಸ್ಮರಣೆಯ ಸಾಲು ಹೇಗಿರಬೇಕೆಂಬುದನ್ನೂ, ಸಲ್ಲಿಸಬೇಕಾದ ಶುಲ್ಕವಿದ್ದರೆ ಅದನ್ನೂ ತಿಳಿಸಿದರೆ ಉಪಕೃತಳಾಗುವೆನು.

ಸಂಪ್ರಬಂಧವನ್ನು ……… ದಿನಾಂಕದಂದು ಒಪ್ಪಿಸಬೇಕಾಗಿದೆ. ತಮ್ಮ ಲಿಖಿತ ಉತ್ತರವು ಬರುವವರೆಗೆ ಮೂರನೆಯ ಚಿತ್ರವನ್ನು ಅದರಲ್ಲಿ ಸೇರಿಸುವುದಿಲ್ಲ.

ತಮ್ಮ ವಿಶ್ವಾಸಿ,
(ಸಹಿ)

ಉತ್ತರವನ್ನು ಓದುವ ಬಗೆ

ಉತ್ತರವು ಬಂದಾಗ ಅದನ್ನು ಪತ್ರದ ಪಕ್ಕದಲ್ಲಿಟ್ಟು ಓದಬೇಕು. ‘ನಮ್ಮ ಅಭ್ಯಂತರವಿಲ್ಲ’ ಎಂದು ಒಂದೇ ಸಾಲಿದ್ದರೆ ಅದು ಯಾವ ಚಿತ್ರಕ್ಕೆ, ಯಾವ ಬಳಕೆಗೆ, ಯಾರ ಪರವಾಗಿ ಎಂಬುದು ತಿಳಿಯದು. ಆಗ ‘ತಮ್ಮ ಉತ್ತರವನ್ನು ನನ್ನ ಇಂಥ ದಿನಾಂಕದ ಪತ್ರದಲ್ಲಿ ಕೋರಿದ ಬಳಕೆಗೆ ಮಾಲೀಕರು ನೀಡಿದ ಅನುಮತಿಯೆಂದು ತಿಳಿಯಬಹುದೆ?’ ಎಂದು ವಿನಯದಿಂದ ಇನ್ನೊಮ್ಮೆ ಕೇಳಿ ಸ್ಪಷ್ಟ ಉತ್ತರವನ್ನು ಪಡೆಯತಕ್ಕದ್ದು. ‘ಛಾಯಾಗ್ರಾಹಕರ ವಿವರ ನಮ್ಮಲ್ಲಿಲ್ಲ’ ಎಂಬ ಉತ್ತರವನ್ನೂ ಜೋಪಾನವಾಗಿ ಇಡಬೇಕು. ವಿದ್ಯಾರ್ಥಿಯು ವಿಚಾರಿಸಿದುದಕ್ಕೆ ಅದು ಸಾಕ್ಷಿಯಾಗುತ್ತದೆ. ಆದರೆ ಅನುಮತಿಯ ಸ್ಥಾನದಲ್ಲಿ ನಿಲ್ಲದು.

ಅನುಮತಿ ದೊರೆತ ಮೇಲೆಯೂ ಚಿತ್ರವನ್ನು ಕತ್ತರಿಸುವಾಗ ಎಚ್ಚರಬೇಕು. ತನ್ನ ಹೆಸರನ್ನು ಕಾಣಿಸಬೇಕೆಂಬ ಹಕ್ಕೂ, ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ವಿಕಾರಗೊಳಿಸಬಾರದೆಂಬ ಹಕ್ಕೂ ಕರ್ತೃವಿಗೆ 57ನೆಯ ಪ್ರಕರಣದಿಂದ ಪ್ರತ್ಯೇಕವಾಗಿ ಇವೆ. ಕೃತಿಸ್ವಾಮ್ಯವನ್ನು ಬೇರೆಯವರಿಗೆ ವಹಿಸಿದರೂ ಇವು ಅವನಲ್ಲಿಯೇ ಉಳಿಯುತ್ತವೆ. ಇತಿಹಾಸದ ದೃಷ್ಟಿಯಿಂದಲೂ ಕತ್ತರಿಸುವುದು ಲೇಸಲ್ಲ. ವೇದಿಕೆಯ ಮೇಲಿನ ಗಣ್ಯರನ್ನಷ್ಟೇ ಉಳಿಸಿಕೊಂಡು ಕೆಳಗೆ ನಿಂತ ಜನರನ್ನು ಬಿಟ್ಟರೆ, ಸಮಾರಂಭಕ್ಕೆ ಎಷ್ಟು ಜನರು ಬಂದಿದ್ದರು, ಯಾರು ಬಂದಿದ್ದರು ಎಂಬ ಸಾಕ್ಷ್ಯವು ಅಳಿಯುತ್ತದೆ.

ಮೂರನೆಯ ಚಿತ್ರದ ಅನುಮತಿಯು ಸಕಾಲಕ್ಕೆ ಬಾರದಿದ್ದರೆ ಸಂಪ್ರಬಂಧವನ್ನು ತಡೆಹಿಡಿಯಬೇಕಾಗಿಲ್ಲ. ಚಿತ್ರವು ಇರಬೇಕಾದ ಸ್ಥಳದಲ್ಲಿ ಅದು ಪ್ರಕಟವಾದ ಪತ್ರಿಕೆಯ ಹೆಸರು, ದಿನಾಂಕ, ಪುಟಗಳನ್ನು ಕೊಟ್ಟು, ಅದರಲ್ಲಿ ಕಾಣುವುದನ್ನು ನಾಲ್ಕು ವಾಕ್ಯಗಳಲ್ಲಿ ವರ್ಣಿಸಿದರೆ ಸಾಕು. ವರ್ಣನೆಗೆ ಯಾರ ಅಪ್ಪಣೆಯೂ ಬೇಡ. ಪರೀಕ್ಷಕರು ಬೇಕೆಂದರೆ ಸಂಪುಟವನ್ನು ತೆರೆದು ನೋಡಿಯಾರು. ಅನುಮತಿಯ ಪತ್ರಗಳು ಬಂದಿದ್ದರೆ ಅವುಗಳ ನಕಲುಗಳನ್ನು ಸಂಪ್ರಬಂಧದ ಅನುಬಂಧದಲ್ಲಿ ಸೇರಿಸಿ, ಮೂಲಗಳನ್ನು ವಿದ್ಯಾರ್ಥಿಯು ತನ್ನ ಬಳಿಯಲ್ಲಿ ಕಾದಿಟ್ಟುಕೊಳ್ಳತಕ್ಕದ್ದು. ಸಂಪ್ರಬಂಧವು ಪುಸ್ತಕವಾಗುವ ಕಾಲಕ್ಕೆ ಪ್ರಕಾಶಕರು ಮೊದಲು ಕೇಳುವುದು ಆ ಮೂಲಗಳನ್ನೇ.